ಶಹಾಬಾದಿನ ಸ್ಟುಡಿಯೋದಲ್ಲಿ ಒಂದು ತಾಸಿನ ವಿಡಿಯೋ

ಸೂಗಪ್ಪ ಅಂಗಡಿಯ ಹೊಸ್ತಿಲು ದಾಟುತ್ತಲೇ ಬಾಯಿ ಮಾಡಿದ.

‘ಇನ್ನಾ ಆಗಿಲ್ಲೇನ್ರಿ ಅಕ್ಕಾರ? ಒಂದು ತಾಸಿನ ವಿಡಿಯೋಕ್ಕ ಮುಂಜಾನೆಯಿಂದ ಏನ್ ಮಾಡ್ಲಿಕತ್ತೀರಿ?’

ವೃಂದಾ ತಲೆ ಎತ್ತಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲಿನ ನೀಲಿ ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ. ಎದುರಿನ ಬೆಂಚಿನ ಮೇಲೆ ಹಾಲಿನ ಸಂಘದ ಅಧ್ಯಕ್ಷ ಕಾಶೀನಾಥ ಕಾಲ ಮೇಲೆ ಕಾಲು ಹಾಕಿ ಕುಂತಿದ್ದ. ಹೋದ ವಾರ ಅವರ ಊರಲ್ಲಿ ಸಂಘದ ಚುನಾವಣೆ ಕೈ ಎತ್ತಿಸಿ ನಡೆದಿತ್ತು. ಗೆದ್ದವ ತಾನೇ ಎಂದು ಅವನೂ, ಅವನೆದುರು ನಿಂತಿದ್ದ ಸೂಗಪ್ಪನೂ ಹೇಳುತ್ತಿದ್ದರು. ಸಭೆಯನ್ನು ಕ್ಯಾಮೆರಾದಲ್ಲಿ ಹಿಡಿದವಳು ವೃಂದಾ. ಮಧ್ಯಾಹ್ನ ಚಿತ್ತಾಪುರದಲ್ಲಿ ವಿಚಾರಣೆ ಇತ್ತು. ಆ ಒಂದು ತಾಸಿನ ಚಿತ್ರ ಡಿವಿಡಿಯಾಗಿ ಸಹಕಾರ ಇಲಾಖೆಯ ಸಾಹೇಬರ ಮುಂದೆ ಹೋಗಬೇಕಿತ್ತು.

‘ಅವನ ಸಲುವಾಗಿ ನನ್ನ ಕಡೀ ಕೈಗಳನ್ನ ಕತ್ತರಿಸ್ಲಿಕತ್ತೀರಿ, ಅದಕ್ಕೇ ತಡ,’ ಎಂದ ಸೂಗಪ್ಪ, ಕಾಶೀನಾಥನತ್ತ ಗದ್ದ ಚಾಚಿ. ‘ವಾಡಿ ಸ್ಟುಡಿಯೋದಾಗ ಕೇಳೀನಿ. ಇಷ್ಟೊತ್ತು ಹಿಡಿಯಂಗಿಲ್ಲಂತ.’

‘ಅವರ ಮಷೀನ್ ಹೊಸಾದು. ಇದು ಹಳೇದು,’ ಎಂದಳು ವೃಂದಾ.

‘ಹಳೇದಂದ್ರ? ಟಿವ್ಯಾಗ ತಾಸಿನ ವಿಡಿಯೋ ತಾಸಿನ್ಯಾಗ ಮುಗೀತೈತಿ. ನಿಮ್ಮಲ್ಲಿ ಯಾಕ ಮುಗಿಯಂಗಿಲ್ಲ?’

ಅವಳಿಗೆ ಸಿಟ್ಟು ನೆತ್ತಿಗೇರಿತು. ನೋಡುವುದು ಬೇರೆ, ಅದುಮಿ ಚಿಕ್ಕದು ಮಾಡುವುದು ಬೇರೆ ಎಂದಳು. ಟೇಪಿನಿಂದ ಇಳಿಸಿಕೊಂಡ ಚಿತ್ರ ಡಿವಿಡಿಯಲ್ಲಿ ಹಿಡಿಸದಷ್ಟು ದೊಡ್ಡದು. ಸೆಕೆಂಡಿಗೆ ಇಪ್ಪತ್ತೈದು ಫೋಟೋ. ಒಂದು ಫೋಟೋಕ್ಕೂ ಅದರ ಮುಂದಿನದಕ್ಕೂ ಏನು ಸರಿದಾಡಿದೆ ಎಂದು ಪ್ರೊಸೆಸರ್ ಮೂಲೆಮೂಲೆ ಹುಡುಕಬೇಕು, ಬದಲಾದದ್ದನ್ನಷ್ಟೇ ಬರೆದಿಟ್ಟುಕೊಳ್ಳಬೇಕು. ಇಡೀ ತಾಸಿಗೂ ಅದೇ ಕೆಲಸ.

‘ಬಣ್ಣದ ಮಾತು,’ ಎಂದ ಸೂಗಪ್ಪ.

ಕಾಶೀನಾಥ ಬೆಂಚಿನಿಂದ ಎದ್ದು ಬಂದು, ಸೂಗಪ್ಪನಿಗೆ ಕೇಳಿಸದಂತೆ ಮೇಜಿನ ಮೇಲೆ ಬಗ್ಗಿದ. ‘ಹೆಂಗೂ ತಡ ಆಗ್ಲಿಕತ್ತದ. ಸಭಾದಾಗ ಆ ಧಕ್ಕಾಮುಕ್ಕಿ ಆದದ್ದು ತುಸು ತೆಗೆದುಬಿಡ್ರಿ. ನಾ ಆ ಮುದುಕನ್ನ ನೂಕಿದ್ದು ಯಾರು ನೋಡಬೇಕಾಗೇದ?’

‘ಏನೂ ತೆಗೆಯಂಗಿಲ್ಲ,’ ಎಂದಳು ವೃಂದಾ, ಬೇಕೆಂದೇ ಗಟ್ಟಿಯಾಗಿ.

ಸೂಗಪ್ಪ ಉರಿದೆದ್ದ. ‘ನೋಡಿದ್ರೇನು! ಏನು ತೆಗೀ ಅಂದಿ? ಏನು ತೆಗೀ ಅಂದಿ ಹೇಳು!’ ಇಬ್ಬರೂ ಒಬ್ಬರ ಕೊರಳಪಟ್ಟಿಗೆ ಇನ್ನೊಬ್ಬರು ಕೈ ಹಾಕಿದರು. ಪಕ್ಕದ ಹೊಲಿಗೆ ಅಂಗಡಿಯ ಜಾನಬಿ ಕತ್ತರಿ ಕೈಯಲ್ಲೇ ಹಿಡಿದು ಓಡಿಬಂದಳು. ‘ಹೊರಗ ಹೋಗಿ ಹೊಡೆದಾಡ್ರಿ! ಇದು ಹೆಣ್ಮಕ್ಕಳು ದುಡಿಯೋ ಜಾಗ!’ ಎಂದು ಗದರಿದ ಮೇಲೆ ಇಬ್ಬರೂ ಬಿಟ್ಟರು. ಆದರೂ ಹೊರಗೆ ಹೋಗಲಿಲ್ಲ. ಬೆಂಚಿನ ಆ ತುದಿಗೊಬ್ಬ, ಈ ತುದಿಗೊಬ್ಬ ಕುಂತರು.

ವೃಂದಾ ಪರದೆ ನೋಡಿದಳು. ಉಳಿದ ಸಮಯ ಇಳಿಯುವ ಬದಲು ಏರಿತ್ತು. ಇದು ಅವಳಿಗೆ ಬಿಡಿಸಲಾರದ ಒಗಟಾಗಿತ್ತು. ಮೆಮೊರಿ ಕಮ್ಮಿ ಎಂದು ಹೋದ ತಿಂಗಳು ಸ್ಟುಡಿಯೋ ಮಾಲೀಕ ಕಲಬುರಗಿಯಿಂದ ಇನ್ನಷ್ಟು ಮೆಮೊರಿ ತಂದು ಜೋಡಿಸಿದ್ದ. ಆ ಸಲಹೆ ಕೊಟ್ಟವಳು ಅವಳೇ. ಕೂದಲೆಳೆಯಷ್ಟೂ ಫರಕು ಬಿದ್ದಿರಲಿಲ್ಲ. ಈಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮೊರಿ ಅರ್ಧಕ್ಕೂ ಹೆಚ್ಚು ಖಾಲಿ ಬಿದ್ದಿತ್ತು, ಪ್ರೊಸೆಸರ್ ಮಾತ್ರ ತುದಿಗೆ ಮುಟ್ಟಿ ನಿಂತಿತ್ತು. ದುಡಿಯುವ ಕೈ ಒಂದೇ ಇದ್ದರೆ ಅಂಗಳ ಎಷ್ಟು ದೊಡ್ಡದಾದರೇನು? ತಾನು ತಪ್ಪು ಕಡೆ ನೋಡಿದ್ದು ಅವಳಿಗೆ ಹೊಳೆಯಿತು.

ಆದರೂ ಮುಂಜಾನೆ ಇದೇ ಪ್ರೊಸೆಸರ್ ಇದಕ್ಕಿಂತ ಜೋರಾಗಿ ಓಡಿತ್ತಲ್ಲ?

ಅವಳು ಲ್ಯಾಪ್‌ಟಾಪಿನ ಕೆಳಗೆ ಕೈ ಹಾಕಿ, ಚಟ್ಟನೆ ತೆಗೆದಳು. ಒಲೆಯ ಮೇಲಿನ ಹೆಂಚಿನಂತೆ ಸುಡುತ್ತಿತ್ತು. ಪಕ್ಕದ ಕಿಂಡಿಯಲ್ಲಿ ಫ್ಯಾನ್ ಒದರುತ್ತಿತ್ತು, ಗಾಳಿ ಮಾತ್ರ ಹೊರಬರುತ್ತಿರಲಿಲ್ಲ. ಬಾಗಿಲಾಚೆ ಕಲ್ಲು ಪಾಲಿಶ್ ಮಾಡುವ ಯಂತ್ರಗಳು ಕಿರುಚುತ್ತಿದ್ದವು. ಅಂಗಡಿಯ ಕನ್ನಡಿ, ಆಲ್ಬಮ್ಮು, ಅವಳ ಸೆರಗು ಎಲ್ಲದರ ಮೇಲೂ ಆ ಕಲ್ಲಿನ ಬಿಳಿ ಹುಡಿ. ಅದು ಒಳಗೂ ಹೋಗಿ ಕುಂತಿರದೇ? ಬಿಸಿ ಮಿತಿ ಮೀರಿದರೆ ಸುಟ್ಟುಹೋಗದಂತೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ ಎಂದು ಅವಳು ಓದಿದ್ದಳು. ಓದಿದ್ದು ಈಗ ಅಂಗೈಗೆ ತಾಗಿತ್ತು.

ಉಳಿದ ದಾರಿ ಒಂದೇ. ಕೆಲಸ ನಿಲ್ಲಿಸಬೇಕು, ಬಿಚ್ಚಬೇಕು, ಮೊದಲಿಂದ ಶುರು ಮಾಡಬೇಕು. ಆಗಿದ್ದಷ್ಟೂ ಹೋಗುತ್ತದೆ. ಈ ಇಬ್ಬರ ಕಣ್ಣೆದುರು.

‘ನಾ ಇದನ್ನ ಬಂದ್ ಮಾಡ್ಲಿಕತ್ತೀನಿ,’ ಎಂದು ಹೇಳಿಯೇ ಗುಂಡಿ ಒತ್ತಿದಳು. ನೀಲಿ ಪಟ್ಟಿ ಮಾಯವಾಯಿತು.

‘ಅಳಿಸಿದಳೋ!’ ಸೂಗಪ್ಪ ಕೂಗಿದ. ಈ ಸಲ ಕಾಶೀನಾಥನೂ ಅವನ ಜೊತೆಗೂಡಿ ಮೇಜಿನತ್ತ ನುಗ್ಗಿದ. ‘ಏನವ್ವಾ, ನಮ್ಮನ್ನ ಹುಚ್ಚರು ಮಾಡ್ಲಿಕತ್ತೀಯೇನು?’

ವೃಂದಾ ಕ್ಯಾಮೆರಾದಿಂದ ಟೇಪು ತೆಗೆದು, ಇನ್ನೂ ಅಲ್ಲೇ ನಿಂತಿದ್ದ ಜಾನಬಿಯ ಕೈಗಿಟ್ಟಳು. ‘ಅಸಲಿ ಇದರಾಗದ. ಅಕ್ಕ ಹಿಡ್ಕೊಂಡು ಕುಂದರ್ತಾಳ. ಆಮ್ಯಾಲ ಡಿವಿಡಿಗೂ ಇದಕ್ಕೂ ಕೂಡಿಸಿ ನೋಡ್ರಿ. ಒಂದು ಕೈ ಕಮ್ಮಿ ಆದ್ರ ನನ್ನನ್ನೂ ಚಿತ್ತಾಪುರಕ್ಕ ಎಳಕೊಂಡು ಹೋಗ್ರಿ. ಈಗ ದೂರ ಸರೀರಿ.’

ಜಾನಬಿ ಟೇಪನ್ನು ಮುಷ್ಟಿಯಲ್ಲಿ ಹಿಡಿದು ಇಬ್ಬರನ್ನೂ ದಿಟ್ಟಿಸಿದಳು.

ಲ್ಯಾಪ್‌ಟಾಪ್ ಆರಿಸಿ, ವೈರು ಕಿತ್ತು, ಬ್ಯಾಟರಿ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದಳು. ಗಾಳಿ ಹೊರಹೋಗುವ ತಾಮ್ರದ ಜಾಲರಿಗೆ ಹುಡಿ ಹೆಪ್ಪುಗಟ್ಟಿ ಕಂಬಳಿಯ ತುಂಡಿನಂತೆ ಕುಂತಿತ್ತು. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಕ್ಯಾಮೆರಾದ ಬ್ರಶ್ಶಿನಿಂದ ಕೆರೆದು, ಲೆನ್ಸಿನ ಧೂಳು ಹಾರಿಸುವ ರಬ್ಬರ್ ಬುರುಡೆಯಿಂದ ಗಾಳಿ ಊದಿದಳು. ಮತ್ತೆ ಮುಚ್ಚಿ, ಕೆಳಗೆ ಗಾಳಿಯಾಡಲಿ ಎಂದು ಆಚೀಚೆ ಎರಡು ಕ್ಯಾಸೆಟ್ ಡಬ್ಬಿ ಇಟ್ಟಳು.

ಶುರು ಮಾಡುವ ಮುಂಚೆ ಸೆಟ್ಟಿಂಗು ನೋಡಿದಳು. ಸಭೆಯ ಕೋಣೆ ಕತ್ತಲಿತ್ತು ಎಂದು ಚಿತ್ರದಲ್ಲಿ ಬೀಳುವ ಚುಕ್ಕಿ ಅಳಿಸುವ ಫಿಲ್ಟರ್ ತಾನೇ ಹಾಕಿದ್ದಳು. ಅದು ಒಂದೊಂದು ಫೋಟೋವನ್ನೂ ಮತ್ತೊಮ್ಮೆ ತೊಳೆಯುತ್ತಿತ್ತು. ತೆಗೆದಳು. ಮೇಲಾಗಿ ಇಡೀ ಚಿತ್ರವನ್ನು ಎರಡು ಸಲ ಓದಿ ಅದುಮಲು ಹೇಳಿದ್ದಳು. ಮೂರು ತಾಸಿನ ಮದುವೆಯನ್ನು ಒಂದೇ ಡಿವಿಡಿಯಲ್ಲಿ ತುರುಕುವಾಗ ಅದು ಬೇಕು. ಒಂದೇ ತಾಸಿಗೆ ಡಿವಿಡಿಯಲ್ಲಿ ಜಾಗ ಧಾರಾಳವಿತ್ತು. ಒಂದೇ ಸಲ ಸಾಕು ಎಂದು ಬದಲಿಸಿದಳು.

ನೀಲಿ ಪಟ್ಟಿ ಮತ್ತೆ ಮೂಡಿತು. ಮುಂಜಾನೆ ತೆವಳುತ್ತಿದ್ದದ್ದು ಈಗ ಕಣ್ಣಿಗೆ ಕಾಣುವಂತೆ ಸರಿಯಿತು. ಕಿಂಡಿಯಿಂದ ಬಿಸಿಗಾಳಿ ಬುಸುಗುಟ್ಟಿ ಅವಳ ಮೊಣಕೈಗೆ ಬಡಿಯಿತು. ಟಿವಿಯಷ್ಟು ಬೇಗವೇನೂ ಅಲ್ಲ, ಹಳೇ ಲ್ಯಾಪ್‌ಟಾಪ್ ಹಳೇದೇ. ಆದರೂ ಚಿತ್ತಾಪುರದ ಬಸ್ಸಿಗೆ ಮುಂಚೆ ಮುಗಿಯಿತು.

ಡಿವಿಡಿಯನ್ನು ಟಿವಿಗೆ ಹಾಕಿ ಮುಂದಕ್ಕೆ ಓಡಿಸಿದಳು. ಮುದುಕನನ್ನು ಕಾಶೀನಾಥ ನೂಕಿದ್ದು ಬಂತು. ಅವನ ಮುಖ ಗಂಟಿಕ್ಕಿತು. ಆಮೇಲೆ ಕೈಗಳು ಬಂದವು. ಸೂಗಪ್ಪ ಪರದೆಗೆ ಮೂಗು ತಾಗಿಸಿ ಎಣಿಸಿದ. ಮತ್ತೆ ಎಣಿಸಿದ.

‘ನನ್ನ ತಮ್ಮ ಎಲ್ಲಿ? ಅವನ ಕೈ ತೆಗೆದೀರಿ.’

ವೃಂದಾ ಜಾನಬಿಯಿಂದ ಟೇಪು ಇಸಕೊಂಡು ಕ್ಯಾಮೆರಾಕ್ಕೆ ಹಾಕಿದಳು. ಅಲ್ಲೂ ಅದೇ. ಮೂರನೇ ಸಾಲಿನಲ್ಲಿ ಅವನ ಸ್ವಂತ ತಮ್ಮ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ಕುಂತಿದ್ದ. ಅಣ್ಣನ ಹೆಸರು ಕೂಗಿದಾಗ ಅವನು ಕೈ ಎತ್ತಿರಲೇ ಇಲ್ಲ.

ಸೂಗಪ್ಪ ಪರದೆಯಿಂದ ಹಿಂದೆ ಸರಿದ. ಆಮೇಲೆ ವೃಂದಾಳತ್ತ ತಿರುಗಿ, ‘ಇದೆಲ್ಲ ಕ್ಯಾಮೆರಾದಾಗ ಹಿಡೀಲಿಕ್ಕ ನಿಮಗ ಯಾರು ಹೇಳಿದ್ದರು?’ ಎಂದ. ದನಿಯಲ್ಲಿ ಮುಂಜಾನೆಗಿಂತ ಹೆಚ್ಚಿನ ದ್ವೇಷವಿತ್ತು. ಮುಖ ತಿರುವಿ ಹೊರಟುಹೋದ. ಕಾಶೀನಾಥ ಡಿವಿಡಿಯನ್ನು ಕಿತ್ತುಕೊಳ್ಳುವಂತೆ ಎತ್ತಿಕೊಂಡ.

‘ಒಂದು ಮಾತು ಹೇಳಿದ್ನಿ, ಅದೂ ಕೇಳಲಿಲ್ಲ. ನಮ್ಮೂರ ಮದುವಿ ಇನ್ನ ನಿಮ್ಮ ಸ್ಟುಡಿಯೋಕ್ಕ ಬರಂಗಿಲ್ಲ, ನೆನಪಿಡ್ರಿ.’

‘ಬರಬ್ಯಾಡ್ರಿ,’ ಎಂದಳು ವೃಂದಾ.

ವಿಚಾರಣೆಯಲ್ಲಿ ಕಾಶೀನಾಥನ ಗೆಲುವು ಊರ್ಜಿತವಾಯಿತು, ಮುದುಕನನ್ನು ನೂಕಿದ್ದಕ್ಕೆ ಸಾಹೇಬರು ಎಲ್ಲರೆದುರು ಛೀಮಾರಿಯನ್ನೂ ಹಾಕಿದರು. ಸೂಗಪ್ಪನ ಮನೆಯಲ್ಲಿ ಅಣ್ಣತಮ್ಮಂದಿರ ಒಲೆ ಬೇರೆಯಾಯಿತು. ಇವಳ ವಿಡಿಯೋದಿಂದಲೇ ಮನೆ ಒಡೆಯಿತು ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಶಹಾಬಾದಿನ ಸಂತೆಯಲ್ಲಿ ಎದುರಾದರೆ ಈಗಲೂ ವೃಂದಾಳನ್ನು ಕಂಡು ದಾರಿ ಬದಲಿಸುತ್ತಾನೆ.