ಏಳನೇ ತಾರೀಖಿನವರೆಗೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ನೋಂದಣಿ ಕಚೇರಿಯ ಗೇಟಿನ ಬಳಿ ಅರ್ಜಿ ಬರೆಯುವ ಮುದುಕನ ಮೇಜು ಕಾಣುವ ಮೊದಲೇ ಅವನ ಟೈಪ್‌ರೈಟರಿನ ಟಕಟಕ ಕೇಳಿತು. ಹೊಲಿಗೆಯಾಕೆ ಸದ್ದನ್ನೇ ಹಿಡಿದು ನಡೆದಳು. 

"ಬ್ಯಾಂಕಿಗೊಂದು ಪತ್ರ ಬೇಕಿತ್ತು ಅಜ್ಜಾ. ಸಾಲ ಪೂರ್ತಿ ಕಟ್ಟಿಬಿಡೋಕೆ ಎಷ್ಟು ಕೊಡಬೇಕು ಅಂತ."

"ಫೋನಲ್ಲಿ ಕೇಳಿದ್ರೆ ಹೇಳಲ್ವೇನಮ್ಮಾ?"

"ಹೇಳ್ತಾರೆ. ಅದಕ್ಕೇ ಭಯ."

ಭಯಕ್ಕೆ ಕಾರಣವಿತ್ತು. ಗಂಡ ತೀರಿಕೊಂಡ ವರ್ಷ ಅವನ ಸ್ಕೂಟರಿನ ಸಾಲವನ್ನು ಅವಳು ಫೋನಿನಲ್ಲಿ ಯಾರೋ ಹೇಳಿದ ಮೊತ್ತಕ್ಕೆ ಕಟ್ಟಿ, ದೇವರ ಮುಂದೆ ದೀಪ ಹಚ್ಚಿ ನಿಟ್ಟುಸಿರು ಬಿಟ್ಟಿದ್ದಳು. ಆ ಮೊತ್ತದಲ್ಲಿ ನಾನೂರ ಹನ್ನೆರಡು ರೂಪಾಯಿ ಕಡಿಮೆಯಿತ್ತು. ಆ ನಾನೂರ ಹನ್ನೆರಡು ಯಾರ ಕಣ್ಣಿಗೂ ಬೀಳದೆ ಎರಡು ವರ್ಷ ಬಡ್ಡಿ ತಿಂದು ಬೆಳೆದು, ಒಂದು ದಿನ ವಕೀಲರ ನೋಟಿಸಾಗಿ ಬಾಗಿಲು ತಟ್ಟಿತ್ತು.

ಈಗಿನ ಸಾಲ ಸ್ಕೂಟರಿನದಲ್ಲ. ಕಸೂತಿ ಯಂತ್ರಗಳನ್ನು ಕೊಳ್ಳಲು ತೆಗೆದದ್ದು. ಅದಕ್ಕೆ ಅಡವಿಟ್ಟದ್ದು ಅವಳ ಆಸ್ತಿಯೂ ಅಲ್ಲ, ಅಣ್ಣನ ಮನೆಯ ಮೂಲಪತ್ರ. "ತಗೊಂಡೋಗು, ನೀನು ಉದ್ಧಾರ ಆದ್ರೆ ಸಾಕು" ಎಂದು ಅಣ್ಣ ಕೊಟ್ಟಿದ್ದ. ಈಗ ಅವನ ಮೊಣಕಾಲು ಮೆಟ್ಟಿಲನ್ನು ಒಪ್ಪುತ್ತಿಲ್ಲ. ಮನೆ ಮಾರಿ ನೆಲಮಟ್ಟದ ಚಿಕ್ಕ ಮನೆಗೆ ಹೋಗಬೇಕು. ಕೊಳ್ಳುವವರು ಇಪ್ಪತ್ತನೇ ತಾರೀಖಿನ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಮೂಲಪತ್ರ ಕೈಗೆ ಬರದಿದ್ದರೆ ವ್ಯಾಪಾರ ಮುರಿದಂತೆ, ಮುಂಗಡವನ್ನೂ ದುಪ್ಪಟ್ಟು ಹಿಂದಿರುಗಿಸಬೇಕು. ಅಣ್ಣ ದೂರಲಿಲ್ಲ. ಅತ್ತಿಗೆ ಮಾತ್ರ, "ನಿಮ್ಮ ತಂಗಿ ಹೊಲಿಯೋದು ಬೇರೆಯವರ ಬಟ್ಟೆ, ಹರಿಯೋದು ನಮ್ಮನ್ನ" ಎಂದಿದ್ದಳು. ಹೊಲಿಗೆಯಾಕೆ ಯಂತ್ರಗಳಲ್ಲಿ ಎರಡನ್ನು ಮಾರಿದಳು. ಈಗ ಬೇರೊಂದು ಬ್ಯಾಂಕಿನ ಅವಳ ಖಾತೆಯಲ್ಲಿ ಮೂರು ಲಕ್ಷ ಇಪ್ಪತ್ತೊಂದು ಸಾವಿರ ಕೂತಿದೆ. ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ.

ಮುದುಕ ಎಲ್ಲ ಕೇಳಿಸಿಕೊಂಡು ಕಾಗದ ಸಿಕ್ಕಿಸಿದ. ಸಾಲದ ಸಂಖ್ಯೆ ಬರೆದ. 'ಈ ಸಾಲವನ್ನು ಅವಧಿಗೆ ಮುಂಚೆ ಮುಕ್ತಾಯಗೊಳಿಸಲು ಕಟ್ಟಬೇಕಾದ ನಿಖರ ಮೊತ್ತವನ್ನೂ, ಆ ಮೊತ್ತ ಯಾವ ತಾರೀಖಿನವರೆಗೆ ಮಾನ್ಯವೆಂಬುದನ್ನೂ, ದಿನವೊಂದರ ಬಡ್ಡಿಯನ್ನೂ ಲಿಖಿತವಾಗಿ ತಿಳಿಸಬೇಕು' ಎಂದು ಬರೆದು, ತಲೆಯೆತ್ತಿ ಕೇಳಿದ:

"ತಿಂಗಳ ಕಂತು ಯಾವತ್ತು ಹೋಗುತ್ತೆ?"

"ಐದನೇ ತಾರೀಖು. ತಾನಾಗಿ ಖಾತೆಯಿಂದ ಎಳ್ಕೊಳ್ತಾರೆ."

"ಅದನ್ನೂ ಕೇಳೋಣ." ಇನ್ನೊಂದು ಸಾಲು ಟಕಟಕಿಸಿದ.

"ಸಾಲಿಗಿಷ್ಟು ಅಂತ ತಗೋತೀರಾ ಅಜ್ಜಾ?"

"ಪುಟಕ್ಕಿಷ್ಟು. ಹೆದರಿದೋರಿಗೆ ಒಂದು ಸಾಲು ಪುಕ್ಕಟೆ."

ಎರಡು ಪ್ರತಿ ಮಾಡಿಸಿ, ಬ್ಯಾಂಕಿನ ಸಾಲ ವಿಭಾಗಕ್ಕೆ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಮೊಹರು ಹಾಕಿಸಿಕೊಂಡಳು. ಕನ್ನಡಕದ ಅಧಿಕಾರಿಣಿ ಓದಿ ನಕ್ಕು, "ಭಾರಿ ಹುಷಾರಾಗಿ ಬರೆಸಿದೀರ" ಎಂದಳು.

ಎರಡು ದಿನ ಬಿಟ್ಟು, ನಾಲ್ಕನೇ ತಾರೀಖು ಮಧ್ಯಾಹ್ನ, ಬ್ಯಾಂಕಿನಲ್ಲೇ ಉತ್ತರ ಕೈಗೆ ಬಂತು. ದಪ್ಪ ಅಕ್ಷರದಲ್ಲಿ ಮೊತ್ತ: 3,18,462. ಮಾನ್ಯ: ಏಳನೇ ತಾರೀಖಿನವರೆಗೆ. ಅವಳ ಕಣ್ಣು ಆ ಎರಡರ ಮೇಲೆಯೇ ನಿಂತಿತು. ಏಳು! ಇನ್ನು ಮೂರೇ ದಿನ! ಚೀಲದಿಂದ ಚೆಕ್ ಪುಸ್ತಕ ತೆಗೆದು, ಅಂಕಿಯನ್ನು ಮೂರು ಸಲ ತಾಳೆ ನೋಡಿ, ಅಲ್ಲೇ ಬರೆದುಕೊಟ್ಟಳು. ಕೌಂಟರಿನವನು ರಸೀದಿ ಹರಿದು ಕೊಟ್ಟ.

ಮನೆಗೆ ಬಂದು ಕಾಲು ತೊಳೆದು, ದೇವರಿಗೆ ಕೈ ಮುಗಿದು, ಪತ್ರವನ್ನು ಪೂರ್ತಿ ಓದೋಣವೆಂದು ಕೂತಳು. ಮುದುಕ ಪುಕ್ಕಟೆಯಾಗಿ ಕೇಳಿದ್ದ ಸಾಲಿಗೆ ಕೊನೆಯಲ್ಲಿ ಉತ್ತರವಿತ್ತು:

'ಐದರಂದು ಬರಬೇಕಾದ ಕಂತು 11,240 ಎಂದಿನಂತೆ ತಮ್ಮ ಖಾತೆಯಿಂದ ಪಡೆಯಲಾಗುವುದು. ಅದು ಜಮೆಯಾದ ಮೇಲೆ ಮೇಲಿನ ಮೊತ್ತ ಅನ್ವಯಿಸದು. ಪರಿಷ್ಕೃತ ಪತ್ರ ಪಡೆಯಬೇಕು. ಚೆಕ್ ಮೂಲಕವಾದರೆ ಮಾನ್ಯ ದಿನಾಂಕದೊಳಗೆ ಹಣ ನಮ್ಮ ಕೈ ಸೇರಿರಬೇಕು.'

ಹೊಲಿಗೆಯ ಸೀಮೆಸುಣ್ಣದಿಂದ ನೆಲದ ಮೇಲೆಯೇ ಲೆಕ್ಕ ಹಾಕಿದಳು. ನಾಳೆ ಕಂತು ಹೋದರೆ ಖಾತೆಯಲ್ಲಿ ಉಳಿಯುವುದು 3,09,760. ಚೆಕ್ ಇರುವುದು 3,18,462ಕ್ಕೆ. ಚೆಕ್ ವಾಪಸು ಬರುತ್ತದೆ. ದಂಡ ಬೀಳುತ್ತದೆ. ಅಷ್ಟರಲ್ಲಿ ಏಳು ದಾಟುತ್ತದೆ, ಮತ್ತೆ ಪತ್ರ, ಮತ್ತೆ ಕಾಯುವುದು. ಪೂರ್ತಿ ಕಟ್ಟಿದ ಮೇಲೆ ಮೂಲಪತ್ರ ಭದ್ರಕೋಣೆಯಿಂದ ಬರಲು ಹತ್ತು ಕೆಲಸದ ದಿನ ಬೇಕೆಂದು ಇದೇ ಕಾಗದ ಹೇಳುತ್ತಿದೆ. ಇಪ್ಪತ್ತು ಎಲ್ಲಿ ಉಳಿಯಿತು?

ಬ್ಯಾಂಕಿಗೆ ಫೋನು ಮಾಡಿದಳು. ಗಂಟೆ ಹೊಡೆದುಕೊಂಡೇ ಇತ್ತು. ಬಾಗಿಲು ಹಾಕುವ ಹೊತ್ತು ಮೀರಿತ್ತು. ಅಣ್ಣನಿಗೆ ಹೇಳಲೇ ಎಂದು ಅವನ ಸಂಖ್ಯೆ ತೆಗೆದಳು, ಇಟ್ಟಳು. ಪ್ರಾರ್ಥಿಸಲು ಕೂತರೆ ಪ್ರತಿ ಮಾತಿನ ನಡುವೆಯೂ ಅಂಕಿಗಳೇ ನುಗ್ಗುತ್ತಿದ್ದವು. 'ಅಪ್ಪಾ ದೇವರೇ, ಕೇಳಬೇಕಾದ್ದನ್ನೆಲ್ಲ ಬರೆಸಿ ಕೇಳಿದೆ. ಅವರು ಬರೆದುಕೊಟ್ಟದ್ದನ್ನು ಓದೋ ತಾಳ್ಮೆ ನನಗಿರಲಿಲ್ಲ' ಎಂದಷ್ಟೇ ಹೇಳಲಾಯಿತು.

ಬೆಳಿಗ್ಗೆ ಫೋನು ಕಿಣಿ ಎಂದಿತು. 11,240 ಕಡಿತ. ಚಪ್ಪಲಿ ಮೆಟ್ಟಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಬ್ಯಾಂಕಿನ ಬಾಗಿಲು ತೆಗೆಯುವಾಗ ಮೊದಲು ಒಳಹೊಕ್ಕವಳು ಅವಳೇ. "ಅಮ್ಮಾ, ಆ ಚೆಕ್ಕು..." ಎಂದು ಪತ್ರವನ್ನು ಮುಂದೆ ಚಾಚಿದಳು.

ಅಧಿಕಾರಿಣಿ ಅವಳ ಕೈಯ ಕಾಗದ ನೋಡಿ, ತಂತಿಯ ಬುಟ್ಟಿ ಎಳೆದುಕೊಂಡಳು. ಚೆಕ್ಕುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಹಳದಿ, ನೀಲಿ, ಇನ್ನೊಂದು ನೀಲಿ. ಹೊಲಿಗೆಯಾಕೆ ಬಾಗಿ ಒಂದೊಂದರ ಸಹಿಯನ್ನೂ ನೋಡಿದಳು.

"ಇಲ್ಲೇ ಇದೆ. ನೀವು ಕೊಡೋಷ್ಟರಲ್ಲಿ ನಿನ್ನೆಯ ಚೆಕ್ಕುಗಳ ಕಟ್ಟು ಕ್ಲಿಯರಿಂಗಿಗೆ ಹೋಗಿಬಿಟ್ಟಿತ್ತು. ಇದು ಇವತ್ತು ಹನ್ನೊಂದಕ್ಕೆ ಹೋಗ್ತಿತ್ತು." ಗೋಡೆಯ ಗಡಿಯಾರದಲ್ಲಿ ಹತ್ತೂ ಏಳು. "ಕೂತ್ಕೊಳ್ಳಿ, ನೀರು ಕುಡೀರಿ. ಕಂತು ನಮ್ಮ ಕಡೆ ಜಮೆ ಆಗಿದೆ. ಹೊಸ ಮೊತ್ತ ತೆಗೀತೀನಿ."

ಅಧಿಕಾರಿಣಿ ರಸೀದಿ ವಾಪಸು ಪಡೆದು ಚೆಕ್ಕು ಮರಳಿಸಿದಳು. ಯಂತ್ರದಿಂದ ಹೊಸ ಕಾಗದ ಬಂತು: 3,07,217. ಮಾನ್ಯ: ಏಳರವರೆಗೆ.

"ಹಳೇದರಲ್ಲಿ ಕಂತು ಕಳೆದ್ರೆ ಮೂರು ಲಕ್ಷ ಏಳು ಸಾವಿರದ ಎರಡ್ನೂರ ಇಪ್ಪತ್ತೆರಡು ಬರ್ಬೇಕು. ಐದು ಕಡಿಮೆ ಇದೆಯಲ್ಲಮ್ಮಾ?" ಸ್ಕೂಟರಿನ ನಾನೂರ ಹನ್ನೆರಡು ಅವಳ ಕಣ್ಣ ಮುಂದೆ ನಿಂತಿತ್ತು.

"ಕಂತು ಹೋದ್ಮೇಲೆ ಅಸಲು ಇಳೀತು. ಉಳಿದ ಎರಡು ದಿನದ ಬಡ್ಡಿ ಆ ಕಡಿಮೆ ಅಸಲಿಗೇ. ಅದೇ ಐದು." ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡಳು. "ನಿಮ್ಮ ಜೊತೆ ಇನ್ನೊಂದು ವರ್ಷ ಸಾಲ ನಡೆಸಿದ್ರೆ ನನ್ನ ಕೆಲಸಾನೂ ನೀವೇ ಮಾಡ್ತೀರ."

ಈ ಸಲ ಚೆಕ್ಕಿಲ್ಲ. ಅವಳು ತನ್ನ ಬ್ಯಾಂಕಿಗೆ ನಡೆದು, ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಕಳಿಸಿ, ಗುರುತಿನ ಸಂಖ್ಯೆ ಬರೆದುಕೊಂಡು ಮತ್ತೆ ಬಂದಳು. ಸಂಜೆಯೊಳಗೆ ಬಾಕಿ ಸೊನ್ನೆಯೆಂಬ ಪತ್ರಕ್ಕೆ ಮೊಹರು ಬಿತ್ತು. ಆದರೂ ಮೂಲಪತ್ರ ಬರುವವರೆಗೆ ಅವಳ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಸಲ ಚುಚ್ಚಿತು.

ಹತ್ತೊಂಬತ್ತರ ಮಧ್ಯಾಹ್ನ ಅವಳು ಅಣ್ಣನ ಮನೆಯ ಮೆಟ್ಟಿಲು ಹತ್ತಿದಳು. ಅತ್ತಿಗೆ ಬಾಗಿಲು ತೆಗೆದು, ಕಣ್ಣಲ್ಲೇ ಕೇಳಿ, ಪಕ್ಕಕ್ಕೆ ಸರಿದಳು. ಅಣ್ಣ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದ.

"ಬಾ. ಏನು ಮುಖ ಇಷ್ಟು ಇಳಿದುಹೋಗಿದೆ? ಊಟ ಆಯ್ತಾ?"

ಅವಳು ಚೀಲದಿಂದ ಮೂಲಪತ್ರವಿದ್ದ ಕಂದು ಲಕೋಟೆ ತೆಗೆದಳು. ಅದನ್ನು ತಾನೇ ಹೊಲಿದ ಬಟ್ಟೆಯ ಒರೆಯಲ್ಲಿ ಹಾಕಿದ್ದಳು. ಎರಡೂ ಕೈಯಿಂದ ಅಣ್ಣನ ಮಡಿಲಲ್ಲಿಟ್ಟಳು.