ಎರಡು ಸಲ ಬೆಳೆದ ಜೋಳ

ಹುನಗುಂದದ ಕೋರ್ಟಿನ ಕಟ್ಟೆಯ ಮೇಲೆ ಈ ಸಂಗತಿಯನ್ನು ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. ಎಪ್ಪತ್ತೆಂಟನೆಯ ಇಸವಿಯ ಮಾತು.

ಸಿದ್ದವ್ವನ ಗಂಡ ಈರಪ್ಪನನ್ನು ಎರಡು ವರ್ಷದ ಹಿಂದೆ ಪದ್ಧತಿಯಂತೆ ಕುಳ್ಳಿರಿಸಿ, ಅವನದೇ ಹೊಲದಲ್ಲಿ ಮಣ್ಣು ಮಾಡಿದ್ದರು. ಮೈದುನ ಅಮಾತೆಪ್ಪ ಆ ದಿಬ್ಬವನ್ನು ನೆಲಸಮ ಮಾಡಿ ಜೋಳ ಬಿತ್ತಿದ. ಸಿದ್ದವ್ವ ದಾವೆ ಹೂಡಿದಳು. ಹೊಲ ಮಾರುವ ತಯಾರಿಯಲ್ಲಿದ್ದ ಅವನು, ಅಲ್ಲಿ ಸಮಾಧಿಯೇ ಇರಲಿಲ್ಲವೆಂದು ಹಿಂದಿನ ವರ್ಷ ತೆಗೆದ ಒಂದು ಫೋಟೋವನ್ನು ಕೋರ್ಟಿಗೆ ಕೊಟ್ಟ. ಬದುವಿನಿಂದ ಬದುವಿನವರೆಗೆ ಬರೀ ಜೋಳ. ನೆಗೆಟಿವ್ ಕೂಡ ಹಾಗೆಯೇ ಇತ್ತು.

“ನೋಡು ಅತ್ತಿಗಿ, ಅಣ್ಣ ಎಲ್ಲಿ ಕುಂತಾನ ತೋರಿಸು,” ಎಂದ ಅಮಾತೆಪ್ಪ.

ಸಿದ್ದವ್ವ ಬಹಳ ಹೊತ್ತು ನೋಡಿದಳು. “ನೆಲ ಅವರನ್ನ ನುಂಗೇತಿ,” ಎಂದಳು.

ಅವಳ ವಕೀಲ ಪಂಢರೀನಾಥ ಫೋಟೋದ ನಕಲನ್ನು ಇಳಕಲ್ಲಿನ ಫೋಟೋಗ್ರಾಫರ್ ಮೀರಾಸಾಬನಿಗೆ ತೋರಿಸಿದ. ಮೀರಾಸಾಬ ಭೂತಗನ್ನಡಿಯಲ್ಲಿ ನೋಡುತ್ತ ಒಮ್ಮೆಲೆ ಕೈ ನಿಲ್ಲಿಸಿದ.

“ವಕೀಲ್ರ, ಈ ಮುರದ ದಂಟು ನೋಡ್ರಿ. ಬಾಜೂಕ ಹಕ್ಕಿ ತಿಂದ ತೆನಿ. ಈಗ ಇತ್ಲಾಗ ನೋಡ್ರಿ.”

ಬಲಗಡೆಯೂ ಅದೇ ಮುರಿದ ದಂಟು, ಅದೇ ತೆನೆ, ಎಲೆಯ ಮೇಲೆ ಬಿದ್ದ ಅದೇ ನೆರಳು.

“ಜ್ವಾಳ ಜ್ವಾಳದಂಗ ಇರಬಾರ್ದೇನ?”

“ಒಂದು ದಂಟು ಇರಬಹುದ್ರಿ, ಎಲ್ಲಾನೂ ಇರೂದಿಲ್ಲ.”

ಅವನು ತೆಳುಗಾಗದ ಹರಡಿ ಎಡಗಡೆಯ ಗುರುತುಗಳ ಮೇಲೆಲ್ಲ ಚುಕ್ಕಿ ಇಟ್ಟ. ಕಾಗದವನ್ನು ಓರೆಯಾಗದಂತೆ ಬಲಕ್ಕೆ ಸರಿಸಿದ. ಚುಕ್ಕಿಗಳೆಲ್ಲ ಒಟ್ಟಿಗೇ ಬಲಗಡೆಯ ಗುರುತುಗಳ ಮೇಲೆ ಹೋಗಿ ಕುಳಿತವು. ಪಂಢರೀನಾಥ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡ.

“ಒಂದ ಫೋಟೋ ಎರಡು ಪ್ರಿಂಟ್ ತಗದಾರ. ಒಂದರಾಗಿನ ಜ್ವಾಳ ಕತ್ತರಿಸಿ ಇನ್ನೊಂದಕ್ಕ ಹಚ್ಚಿ, ಅಂಚು ತಿದ್ದಿ, ಮತ್ತ ಫೋಟೋ ಹೊಡದಾರ. ಅದಕ್ಕ ನೆಗೆಟಿವ್‌ನ್ಯಾಗೂ ಬೆಸುಗಿ ಕಾಣವಲ್ದು.”

“ಅಡಿಯಾಗ ಸಮಾಧಿ ಐತಿ ಅಂತೀ?”

“ಅಡಿಯಾಗ ಏನೈತಿ ಅಂತ ಫೋಟೋ ಹೇಳೂದಿಲ್ರಿ. ಎರಡರಾಗ ಯಾವುದು ಖರೆ, ಯಾವುದು ಹಚ್ಚಿದ್ದು, ಅದೂ ಹೇಳೂದಿಲ್ಲ. ಎರಡೂ ಕಡೆ ಅಗದ ನೋಡಬೇಕು.”

ಕೋರ್ಟು ಒಪ್ಪಿತು. ಫೋಟೋದಲ್ಲಿ ಬದುವಿನ ಮೇಲಿದ್ದ ಬನ್ನಿಮರದಿಂದ ಅಂದಾಜು ಹಿಡಿದು ಎರಡು ಜಾಗ ಗುರುತಿಸಿದರು. ಆ ಮಧ್ಯಾಹ್ನ ಗಾಳಿಯಿರಲಿಲ್ಲ. ಆದರೂ ಆ ಎರಡೇ ಜಾಗದ ಜೋಳ ಒಮ್ಮೆಲೆ ಒಂದೇ ಕಡೆಗೆ ಬಾಗಿತೆಂದು ಹೇಳುವವರಿದ್ದಾರೆ. ತಾವು ನೋಡಲಿಲ್ಲವೆನ್ನುವವರೂ ಅಲ್ಲಿಯೇ ನಿಂತಿದ್ದರು.

ಎಡಗಡೆ ಅಗೆದರು, ಬರೀ ಎರೆಮಣ್ಣು. ಅಮಾತೆಪ್ಪ ನಕ್ಕ. ಬಲಗಡೆ ಅಗೆದಾಗ ಸಲಿಕೆಗೆ ಮಣ್ಣು ಮಾಡುವಾಗ ಸುರಿದ ಉಪ್ಪು ಹತ್ತಿತು, ಆಮೇಲೆ ವಿಭೂತಿಯ ಬಿಳುಪು. ಅದರ ನಡುವೆ ತಲೆಬುರುಡೆ ಕಾಣತೊಡಗಿತು. ಅಗೆಯುವವನು ಸಲಿಕೆ ಬಿಟ್ಟು ಹಿಂದೆ ಸರಿದ.

ಸಿದ್ದವ್ವ ಕುಣಿಯ ಅಂಚಿನಲ್ಲಿ ಕುಳಿತು ಸೆರಗನ್ನು ಅಡ್ಡ ಹಿಡಿದಳು.

“ಬಿಸಿಲು ಬೀಳಾಕತ್ತೇತಿ. ಮುಚ್ರಿ,” ಎಂದಳು. ಅನಂತರ ಪಕ್ಕದ ನೆಲವನ್ನು ಅಂಗೈಯಿಂದ ಸವರಿ, “ಇಲ್ಲಿ ಬಿತ್ತಬ್ಯಾಡ್ರಿ. ಇದು ನಂದು.”