ಮೂರು ಸೊನ್ನೆಯ ಸಾಲು

ಲ್ಯಾಬಿನ ಬಾಗಿಲಲ್ಲಿ ಪರಸಪ್ಪ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಒಬ್ಬ ಹುಡುಗ ಕೂಗಿದ, "ಅಣ್ಣಾ, ಕೆಟ್ಟ ಫ್ಯಾನ್ ಆ ಮೂಲ್ಯಾಗ ಐತ್ ನೋಡ್ರಿ."

ಪರಸಪ್ಪ ಫ್ಯಾನ್ ರಿಪೇರಿಗೆ ಬಂದವನಲ್ಲ. ಆ ಹುಡುಗನಂತೆಯೇ ತೊರವಿಯ ಹೊರಗಿನ ಈ ಪಾಲಿಟೆಕ್ನಿಕ್ಕಿಗೆ ಮೊದಲ ವರ್ಷಕ್ಕೆ ಸೇರಿದವನು. ಆದರೆ ವಯಸ್ಸು ಇಪ್ಪತ್ನಾಲ್ಕು, ಬೆರಳ ಸಂದಿಯಲ್ಲಿ ಮೋಟರು ಸುತ್ತುವ ವಾರ್ನಿಶ್ಶಿನ ಕಲೆ. ಯಾರನ್ನು ಬೈಯುವುದು? "ನಾನೂ ಇಲ್ಲೇ ಕಲಿಯಾಂವ" ಎಂದಷ್ಟೇ ಹೇಳಿ ಒಳಗೆ ಹೋದ. ಹುಡುಗ ನಾಲಿಗೆ ಕಚ್ಚಿಕೊಂಡ. ಅವನ ಹೆಸರು ಚೇತನಕುಮಾರ, ಟಿಕೋಟಾದವನು. ಪಕ್ಕದ ಹುಡುಗಿ ಐಶ್ವರ್ಯ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು.

ಒಂದು ಬೆಂಚಿಗೆ ಇಬ್ಬಿಬ್ಬರು. ತರಗತಿಯಲ್ಲಿದ್ದವರು ಮೂವತ್ತೊಂದು. ಉಳಿದ ಒಬ್ಬ ಯಾರೆಂದು ಎಣಿಸಿ ನೋಡಬೇಕಾಗಿರಲಿಲ್ಲ. ಕಿಟಕಿಯ ಕಡೆಯ ಕೊನೆಯ ಸ್ಟೂಲಿನಲ್ಲಿ ಪರಸಪ್ಪ ಒಬ್ಬನೇ ಕುಳಿತ.

ಅವನು ಸಾರವಾಡದ ಸಾಲಿ ಬಿಟ್ಟದ್ದು ಒಂಬತ್ತನೆಯ ತರಗತಿಯಲ್ಲಿ. ಮೈನಸ್ಸಿಗೆ ಮೈನಸ್ಸು ಗುಣಿಸಿದರೆ ಪ್ಲಸ್ ಯಾಕೆ ಬರುತ್ತದೆ ಎಂದು ಮಾಸ್ತರರನ್ನು ಕೇಳಿದ್ದ. "ಬರಕೋ ಅಂದ್ರ ಬರಕೋ" ಎಂದಿದ್ದರು. ಮೂರನೆಯ ಸಲ ಕೇಳಿದಾಗ ಹೊರಗೆ ನಿಲ್ಲಿಸಿದರು. ಹೊರಗೆ ನಿಂತವನು ಹಾಗೆಯೇ ವಿಜಯಪುರದ ಬಸ್ಸು ಹತ್ತಿ, ಸೊಲ್ಲಾಪುರ ರಸ್ತೆಯಲ್ಲಿ ಮೋಟರು ಸುತ್ತುವ ಬುಡ್ಡೇಸಾಬನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಎಂಟು ವರ್ಷ ಪಂಪುಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿದ. ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸಾದ. ಇಲ್ಲಿ ಸೇರುವಾಗ ಯಾರಿಗೂ ಹೇಳದೆ ತನ್ನೊಳಗೇ ಒಂದು ಮಾತು ಕಟ್ಟಿಕೊಂಡಿದ್ದ: ಇಲ್ಲಿಯೂ ಒಂದು ಪ್ರಶ್ನೆಗೆ "ಬರಕೋ" ಎಂದರೆ ಅವತ್ತೇ ಸೊಲ್ಲಾಪುರ ರಸ್ತೆಗೆ ವಾಪಸು. ಎರಡನೆಯ ಸಲ ಬಾಗಿಲಾಚೆ ನಿಲ್ಲುವುದಿಲ್ಲ.

ಅನುಜಾ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೊದಲ ವರ್ಕ್‌ಶೀಟು. ಮೇಲೆ ಮೂರು ಗೇಟಿನ ಚಿತ್ರ, ಕೆಳಗೆ ಎಂಟು ಸಾಲಿನ ಖಾಲಿ ಟ್ರೂತ್ ಟೇಬಲ್: ಯಾವ ಸ್ವಿಚ್ಚು ಹಾಕಿದರೆ ಕೊನೆಗೆ ಒಂದು, ಯಾವಾಗ ಸೊನ್ನೆ ಎಂದು ತುಂಬುವ ಪಟ್ಟಿ.

"ಕೈಯಿಂದ ಗೆರಿ ಹಿಡಕೊಂಡು ಹೋಗ್ರಿ. ಟೇಬಲ್ ತುಂಬಿ ನನ್ನ ಸಹಿ ತಗೊಂಡವರಿಗಷ್ಟೇ ಮುಂದಿನ ಶೀಟು. ಸಹಿ ಇಲ್ಲಂದ್ರ ಮುಂದಿನ ಲ್ಯಾಬಿಗೆ ಬರೋದು ಬ್ಯಾಡ."

ಪರಸಪ್ಪ ಹಾಳೆಯನ್ನು ನೇರ ಮಾಡಿಕೊಂಡ. ಎಡಗಡೆಯಿಂದ ಮೂರು ಗೆರೆ: ಎ, ಬಿ, ಸಿ. ಎ ಮತ್ತು ಬಿ ಮೇಲಿನ ನಾರ್ ಗೇಟಿಗೆ ಹೋಗಿದ್ದವು. ಬಿ ಗೆರೆಯ ನಡುವೆ ಒಂದು ಕಪ್ಪು ಚುಕ್ಕಿ. ಅಲ್ಲಿಂದ ಒಂದು ಕವಲು ಇಳಿದು ಸಿ ಜೊತೆಗೂಡಿ ಕೆಳಗಿನ ಆಂಡ್ ಗೇಟು ಹೊಕ್ಕಿತ್ತು. ಎರಡೂ ಗೇಟಿನ ಫಲ ಬಲಗಡೆಯ, ಯಾವುದಾದರೊಂದು ಬಂದರೂ ಸಾಕೆನ್ನುವ ಆರ್ ಗೇಟಿಗೆ. ಅದರಾಚೆ ವೈ. ಪರಸಪ್ಪ ನಾರ್ ಗೇಟಿನ ಹೊರಬಾಯಿಗೆ ಪಿ ಎಂದೂ ಆಂಡ್ ಗೇಟಿನ ಹೊರಬಾಯಿಗೆ ಕ್ಯೂ ಎಂದೂ ಬರೆದುಕೊಂಡ. ಸ್ಟಾರ್ಟರಿನ ನಕ್ಷೆಯಲ್ಲಿ ಹೀಗೆಯೇ ನಡುನಡುವೆ ಗುರುತು ಹಾಕಿಕೊಂಡು ಹೋಗುವ ರೂಢಿ ಅವನದು. ಒಂದು, ಅಂದರೆ ಕರೆಂಟು, ಇರುವ ಗೆರೆಗೆ ಕೆಂಪು ಪೆನ್ಸಿಲ್ಲು. ಸಾಲು ಮುಗಿದರೆ ಅಳಿಸಿ ಮತ್ತೊಂದು ಸಾಲು.

ಬಿ ಮಾತ್ರ ಒಂದು ಇದ್ದ ಸಾಲು. ಬಿ ಕೆಂಪಾಯಿತು, ಚುಕ್ಕಿಯಿಂದ ಕೆಳಗಿನ ಕವಲೂ ಕೆಂಪಾಯಿತು. ನಾರ್ ಗೇಟಿಗೆ ಒಂದು ಹೊಕ್ಕಿತಾದ್ದರಿಂದ ಪಿ ಸೊನ್ನೆ. ಕೆಳಗೆ ಬಿ ಬಂದರೂ ಸಿ ಇಲ್ಲ, ಕ್ಯೂ ಸೊನ್ನೆ. ವೈ ಸೊನ್ನೆ. ಬಿ, ಸಿ ಎರಡೂ ಇದ್ದಲ್ಲಿ ಕ್ಯೂ ಒಂದಾಯಿತು, ವೈ ಒಂದು. ಹೀಗೆ ಕೊನೆಯ ಆರು ಸಾಲು ಸರಸರ ಬಂದವು. ಸಿಕ್ಕಿಬಿದ್ದದ್ದು ಮೊದಲ ಸಾಲಿನಲ್ಲಿ. ಎ ಸೊನ್ನೆ, ಬಿ ಸೊನ್ನೆ, ಸಿ ಸೊನ್ನೆ.

ಎರಡೂ ಸೊನ್ನೆಯಾದರೆ ನಾರ್ ಒಂದು ಕೊಡುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕೈ ಮಾತ್ರ ಬರೆಯಲೊಲ್ಲದು. ಯಾವ ಗೆರೆಗೂ ಕೆಂಪು ಹತ್ತಿಲ್ಲ. ಮೂರೂ ಸ್ವಿಚ್ಚು ಬಂದ್. ಹಾಗಿದ್ದ ಮೇಲೆ ಪಿ ಹತ್ತಿರ ಕರೆಂಟು ಆಕಾಶದಿಂದ ಇಳಿಯಿತೇ? ಬಿಡುವಿನಲ್ಲಿ ಹೊರಗೆ ಹೋಗಿ ಬುಡ್ಡೇಸಾಬನಿಗೆ ಫೋನು ಹಚ್ಚಿದ.

"ಉಸ್ತಾದ, ಎಲ್ಲಾ ಸ್ವಿಚ್ ಬಂದ್ ಇದ್ದು ದೀಪ ಹತ್ತಿದ್ರ ಏನರ್ಥ?"

"ಎಲ್ಲೋ ಲೈನ್ ಬೆರತೈತಿ ಅಂತರ್ಥ. ಕೈ ಹಚ್ಚಬ್ಯಾಡ ಲೇ, ಸಾಯ್ತಿ! ಎಲ್ಲದಿ ನೀ?"

"ಕಾಲೇಜಿನ್ಯಾಗ."

"ಕಾಲೇಜಿನ್ಯಾಗ ಇಂಥಾ ವೈರಿಂಗ ಮಾಡ್ಯಾರ?" ಎಂದು ಬುಡ್ಡೇಸಾಬ ನಕ್ಕು ಫೋನಿಟ್ಟ.

ಪರಸಪ್ಪ ಒಳಗೆ ಬಂದು ಮೊದಲ ಸಾಲಿಗೆ ಸೊನ್ನೆ ಬರೆದ. ಎರಡನೆಯ ಸಾಲಿನಲ್ಲಿ ಸಿ ಮಾತ್ರ ಒಂದು, ಅದು ನಾರ್ ಗೇಟಿನ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿಯೂ ಸೊನ್ನೆ.

ಅಷ್ಟರಲ್ಲಿ ಚೇತನಕುಮಾರ ಮೊಬೈಲು ಹಿಡಿದು ಬಂದ. ಫ್ಯಾನಿನ ಮಾತಿಗೆ ಸಮಾಧಾನ ಮಾಡಬೇಕೆಂದಿತ್ತೇನೋ. "ಅಣ್ಣಾ, ಯಾಕ ತಲಿ ಕೆಡಿಸ್ಕೋತೀರಿ? ಸೀನಿಯರ್ ಕಳಿಸ್ಯಾನ, ಹೋದ ವರ್ಷಾನೂ ಇದ ಚಿತ್ರ. ನಿಮ್ಮ ನಂಬರ್ ಕೊಡ್ರಿ, ಗ್ರೂಪಿಗೆ ಹಾಕ್ತೇನಿ. ಎಲ್ಲಾರೂ ಅದೇವಿ."

ಎಲ್ಲಾರೂ ಅದೇವಿ. ಆ ಮಾತು ಪರಸಪ್ಪನ ಎದೆಗೆ ತಾಗಿತು. ಕಾಲೇಜು ಸೇರಿ ಮೂರು ದಿನವಾಗಿತ್ತು. ಇವತ್ತಿನವರೆಗೆ ಯಾರೂ ಅವನ ನಂಬರು ಕೇಳಿರಲಿಲ್ಲ. ಪರದೆಯ ಮೇಲೆ ಎಂಟು ಸಾಲು ತುಂಬಿದ್ದವು. ಮೊದಲೆರಡರಲ್ಲಿ ಒಂದು, ಒಂದು.

"ಇದು ಒಂದು ಯಾಕ ಬಂತು?" ಎಂದು ಕೇಳಿದ.

"ಬಂದೈತಿ ಅಷ್ಟ. ಬರಕೋರಿ ಅಣ್ಣಾ."

ಪಾಪದ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಪರಸಪ್ಪನ ಕಿವಿ ಮಾತ್ರ ಕಾದವು. "ಬ್ಯಾಡ, ನಿಂದು ನಿನ್ನ ಹಂತ್ಯಾಕ ಇರಲಿ" ಎಂದುಬಿಟ್ಟ. ಚೇತನಕುಮಾರ ಮೊಬೈಲು ಕಿಸೆಗೆ ಹಾಕಿಕೊಂಡು ಹೋದ. ಅವನ ಬೆಂಚಿನಲ್ಲಿ ಯಾರೋ "ಕಾಕಾಗ ಸಿಟ್ಟ ಬಂತು" ಎಂದರು.

ಮೂರೂವರೆಗೆ ಮೇಡಂ ಹಾಳೆ ನೋಡುತ್ತ ಬಂದರು. ಮೂವತ್ತು ಹಾಳೆ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಎಲ್ಲವನ್ನೂ ಸಹಿ ಮಾಡದೆಯೇ ಬದಿಗೆ ಪೇರಿಸಿಟ್ಟುಕೊಂಡರು. ಕೊನೆಗೆ ಪರಸಪ್ಪನ ಹತ್ತಿರ ನಿಂತು ಮೊದಲೆರಡು ಸಾಲಿಗೆ ಕೆಂಪು ಶಾಯಿಯ ಗೆರೆ ಎಳೆದರು.

"ಎರಡೂ ತಪ್ಪು. ನಿಮ್ಮ ಲೆಕ್ಕದಾಗ ನಾರ್ ಯಾವ ಸಾಲಿನ್ಯಾಗೂ ಒಂದು ಕೊಟ್ಟೇ ಇಲ್ಲಲ್ರೀ. ಹಂಗಾದ್ರ ಆ ಗೇಟು ನಾ ಯಾಕ ಹಾಕಿದೆ?"

"ಅದನ್ನ ನಾನೂ ಕೇಳಾಕತ್ತೇನ್ರಿ" ಎಂದ ಪರಸಪ್ಪ. ದನಿ ತಾನಾಗಿಯೇ ಏರಿತು. "ಮೂರೂ ಕಡೆ ಕರೆಂಟಿಲ್ಲ. ಒಳಗ ಬಾರದ್ದು ಹೊರಗ ಎಲ್ಲಿಂದ ಬರತೈತ್ರಿ? ಪುಸ್ತಕದಾಗ ಐತಿ ಅನಬ್ಯಾಡ್ರಿ, ಅದು ನನಗೂ ಗೊತ್ತೈತಿ."

ಮುಂದಿನ ಬೆಂಚಿನಿಂದ ಕಿಸಕ್ಕನೆ ನಗು. ಪರಸಪ್ಪ ಚೀಲ ಎಳೆದುಕೊಂಡ. ಈಗ ಅವರು ಹೇಳುವ ಮಾತು ಅವನಿಗೆ ಗೊತ್ತಿತ್ತು. ಬಾಗಿಲು ಎಷ್ಟು ಹೆಜ್ಜೆ ದೂರ ಎಂಬುದೂ ಗೊತ್ತಿತ್ತು.

ಅನುಜಾ ಮೇಡಂ ಅವನ ಬೆರಳಿನ ಕಲೆ ನೋಡಿದರು. ಕೆಂಪು ಪೆನ್ಸಿಲ್ಲಿನಿಂದ ಎಂಟು ಸಲ ಬರೆದು ಅಳಿಸಿ ತೆಳ್ಳಗಾದ ಹಾಳೆ ನೋಡಿದರು. "ಕಿಟ್ಟಿನ ಮ್ಯಾಲೆ ನಾರ್ ಚಿಪ್ಪು ಅದ. ಅದರಾಗ ನಾಲ್ಕು ಗೇಟು. ಕಾಲು ಎಣಿಸ್ರಿ, ಆಮ್ಯಾಲೆ ಚಿತ್ರದಾಗ ಗೆರಿ ಎಣಿಸ್ರಿ. ಹತ್ತು ನಿಮಿಷ ಕೊಟ್ಟೇನಿ" ಎಂದು ಹೋದರು.

ಪರಸಪ್ಪ ಚೀಲ ಕೆಳಗಿಟ್ಟ. ಬೆಂಚಿನ ಮೇಲೆ ಆ ಚಿತ್ರದಂತೆಯೇ ಜೋಡಿಸಿಟ್ಟ ಸ್ವಿಚ್ಚು, ಚಿಪ್ಪು, ದೀಪದ ಕಿಟ್ಟಿಗೆ ಬಗ್ಗಿದ. ಕರೀ ಚಿಪ್ಪು, ಎರಡೂ ಬದಿಗೆ ಏಳೇಳು ಕಾಲು. ಹದಿನಾಲ್ಕು. ಒಂದು ಗೇಟಿಗೆ ಒಳಗೆ ಎರಡು, ಹೊರಗೆ ಒಂದು. ನಾಲ್ಕು ಗೇಟಿಗೆ ಹನ್ನೆರಡು. ಎರಡು ಕಾಲು ಉಳಿದವು. ಮೋಟರು ಜೋಡಿಸಿದ ಮೇಲೆ ಟ್ರೇನಲ್ಲಿ ಎರಡು ನಟ್ಟು ಉಳಿದರೆ ಅಂಗಡಿಯಲ್ಲಿ ಅವನು ಊಟಕ್ಕೆ ಏಳುತ್ತಿರಲಿಲ್ಲ. ಏಳನೆಯ ಕಾಲಿನ ವೈರು ಹಿಡಿದು ಹೋದ. ಅದು ಗ್ರೌಂಡಿಗೆ ಮುಟ್ಟಿತು. ಹದಿನಾಲ್ಕನೆಯ ಕಾಲಿನ ವೈರು ಹಿಡಿದು ಹೋದ. ಅದು ನೇರ ಐದು ವೋಲ್ಟಿಗೆ ಹೋಗಿತ್ತು. ಎ, ಬಿ, ಸಿ ಸ್ವಿಚ್ಚುಗಳ ಗೊಡವೆಯೇ ಇಲ್ಲದೆ.

ಬೆನ್ನು ನೆಟ್ಟಗಾಯಿತು. ಸ್ಟಾರ್ಟರಿನ ಹಸಿರು ಗುಂಡಿಯಲ್ಲಿ ಮೋಟರಿನ ಕರೆಂಟು ಹರಿಯುತ್ತದೆಯೇ? ಇಲ್ಲ. ಗುಂಡಿ ಬರೀ ಹೇಳುತ್ತದೆ. ಮೋಟರು ತನಗೆ ಬೇಕಾದ್ದನ್ನು ಮೇನ್ ಲೈನಿನಿಂದ ಎಳೆದುಕೊಳ್ಳುತ್ತದೆ. ಎ, ಬಿ, ಸಿ ಗುಂಡಿಗಳು. ಪ್ರತಿ ಗೇಟಿಗೂ ತನ್ನದೇ ಮೇನ್ ಇದೆ, ಚಿತ್ರದಲ್ಲಿ ಅದನ್ನು ಬರೆದಿಲ್ಲ ಅಷ್ಟೇ. ಎಂಟು ವರ್ಷದಿಂದ ಕೈಗೆ ಗೊತ್ತಿದ್ದದ್ದು ತಲೆಗೆ ಇವತ್ತು ಮುಟ್ಟಿತು. ಪಕ್ಕದವರಿಗೆ ಹೇಳಬೇಕೆನ್ನಿಸಿ ತಿರುಗಿದ. ಪಕ್ಕದ ಸ್ಟೂಲು ಖಾಲಿ.

ಹಾಳೆ ತಿರುವಿ ಮತ್ತೆ ಹೊಸದಾಗಿ ಬರೆದ. ಮೂರೂ ಸೊನ್ನೆ: ಪಿ ಒಂದು, ಕ್ಯೂ ಸೊನ್ನೆ, ವೈ ಒಂದು. ಸಿ ಮಾತ್ರ ಒಂದು: ಆಗಲೂ ಪಿ ಒಂದೇ, ವೈ ಒಂದು. ಸ್ವಿಚ್ಚುಗಳನ್ನೆಲ್ಲ ಇಳಿಸಿ ಕಿಟ್ಟಿನಲ್ಲಿ ನೋಡಿದ. ಪುಟ್ಟ ಕೆಂಪು ದೀಪ ಹತ್ತಿತ್ತು.

ಮೇಡಂ ಬಂದು ಪೂರ್ತಿ ಕೇಳಿದರು, ಗುಂಡಿಯ ಮಾತಿನ ಸಮೇತ. ಸಹಿ ಮಾಡಿ ಎರಡನೆಯ ಶೀಟು ಕೊಟ್ಟರು. ನಂತರ ಪೇರಿಸಿಟ್ಟಿದ್ದ ಮೂವತ್ತು ಹಾಳೆಗಳ ಕಡೆಗೆ ತಿರುಗಿದರು.

"ಚೇತನಕುಮಾರ, ಮೊದಲ ಸಾಲಿನ್ಯಾಗ ನಾರ್ ಎಷ್ಟು ಕೊಡ್ತದ?"

"ನಾರ್... ನಾರ್ ಯಾವುದರೀ ಮೇಡಂ?"

"ಐಶ್ವರ್ಯ, ವೈ ಒಂದು ಯಾಕ ಬಂತು?"

ಐಶ್ವರ್ಯ ಮೊಬೈಲಿನ ಕಡೆ ಕೈ ಚಾಚಿದಳು. ಮೇಡಂ ಹಲಗೆಯ ಮೇಲೆ ಹೊಸ ಚಿತ್ರ ಬರೆದರು. ಕೊನೆಯ ಆರ್ ಗೇಟಿನ ಜಾಗಕ್ಕೆ ಆಂಡ್ ಗೇಟು. "ಮೊಬೈಲ್ ಎಲ್ಲಾ ಟೇಬಲ್ ಮ್ಯಾಲೆ ಇಡ್ರಿ. ಗೆರಿ ಹಿಡದು ಬಿಡಿಸಿದವರು ಮನೀಗೆ ಹೋಗ್ರಿ."

"ಮೇಡಂ, ನಾಲ್ಕೂವರಿ ಟಿಕೋಟಾ ಬಸ್ಸು..."

"ಮುಂದಿನ ಬಸ್ಸಿಗೆ ಹೋಗ್ರಿ."

ಮೂವತ್ತು ತಲೆ ಒಮ್ಮೆಲೇ ಕಿಟಕಿಯ ಕಡೆ ತಿರುಗಿದವು. ಪರಸಪ್ಪನಿಗೆ ಹೋಗಲು ಅಪ್ಪಣೆಯಿತ್ತು; ಹೋಗಲಿಲ್ಲ. ಐಶ್ವರ್ಯ ಬಿ ಗೆರೆಯನ್ನು ಮೇಲೆ ಮಾತ್ರ ಒಯ್ದು ಕೆಳಗಿನ ಕವಲು ಮರೆತದ್ದು ಕಂಡಿತು. ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಅಂದ, "ತಂಗೀ, ಚುಕ್ಕಿ ಐತಿ ನೋಡು, ಬಿ ಎರಡೂ ಕಡೆ ಹೋಗತೈತಿ."

ಅವಳು ಹಾಳೆಯ ಮೇಲೆ ಮೊಣಕೈ ಅಡ್ಡ ಇಟ್ಟಳು. "ಸಾಕ್ರೀ ಅಣ್ಣಾ ನಿಮ್ಮ ಉಪಕಾರ. ನಮ್ಮವ್ವ ಬಸ್‌ಸ್ಟ್ಯಾಂಡಿನ್ಯಾಗ ಕಾಯಾಕತ್ತಾಳ."

"ಒಬ್ಬಾಂವ ಶಾಣ್ಯಾ ಆಗಾಕ ಎಲ್ಲಾರಿಗೂ ಬತ್ತಿ ಇಟ್ಟ" ಎಂದ ಚೇತನಕುಮಾರ, ತಲೆ ಎತ್ತದೆ.

ಪರಸಪ್ಪನಿಗೆ ಸಿಟ್ಟು ಉಕ್ಕಿತು. ಕದ್ದು ಬರೆದವರು ನೀವು, ಬೈಸಿಕೊಳ್ಳುವವನು ನಾನೇ? ಚೀಲ ಹೆಗಲಿಗೇರಿಸಿದ. ಹದಿನಾರು, ಹದಿನೇಳರ ಹುಡುಗರು. ಕೇಳಬಾರದು ಎಂದೇ ಇವರಿಗೂ ಯಾವನೋ ಮಾಸ್ತರ ಕಲಿಸಿರಬೇಕು. ಇವರು ಹೊರಗೆ ನಿಲ್ಲಲಿಲ್ಲ, ಒಳಗೇ ಕುಳಿತು ಬರೆದುಕೊಂಡರು, ಅಷ್ಟೇ ವ್ಯತ್ಯಾಸ.

ಹೊರಗೆ ತೊರವಿಯ ರಸ್ತೆಯಲ್ಲಿ ಬಿಸಿಲು ಇನ್ನೂ ಇಳಿದಿರಲಿಲ್ಲ. ವಿಜಯಪುರದ ಬಸ್ಸಿಗೆ ಕಾಯುತ್ತ ನಿಂತ. ಅಲ್ಲಿಂದ ಸಾರವಾಡಕ್ಕೆ ಮತ್ತೊಂದು ಬಸ್ಸು. ಮನೆಯಲ್ಲಿ ಏನಾಯಿತೆಂದು ಕೇಳಿದರೆ ಪಾಸಾಯಿತು ಎನ್ನಬಹುದು. ಅದಕ್ಕಿಂತ ಹೆಚ್ಚು ಹೇಳಲು ಕುಳಿತರೆ ಅವ್ವ ರೊಟ್ಟಿ ಬಡಿಯುತ್ತ ಹೂಂ ಹೂಂ ಎಂದಾಳು.

ಚೀಲದಿಂದ ಎರಡನೆಯ ಶೀಟು ತೆಗೆದ. ನಾಲ್ಕು ಇನ್‌ಪುಟ್ಟು, ಐದು ಗೇಟು, ಹದಿನಾರು ಸಾಲು. ಹಿಂದೆ ಲ್ಯಾಬಿನ ಕಿಟಕಿಯಲ್ಲಿ ಮೂವತ್ತು ತಲೆ ಬಗ್ಗಿದ್ದವು. ಮುಂದಿನ ಶುಕ್ರವಾರ ತಾನು ಬರುತ್ತೇನೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿದಿರಲಿಲ್ಲ. ಬಂದರೂ ಆ ಬೆಂಚಿನಲ್ಲಿ ಇನ್ನೊಬ್ಬರು ಕೂಡುವುದಿಲ್ಲ ಎಂಬುದರಲ್ಲಿಯೂ.

ಬಸ್ಸು ಬಂತು. ಸೀಟು ಬೇಕಾದಷ್ಟಿದ್ದವು.